ಒಳಮೊಳೆ, ಹೊರಮೊಳೆ ಮತ್ತು ಆ ನಾಲ್ಕು ದರ್ಜೆಗಳು

ಕೆಲವು ವರ್ಷಗಳ ಹಿಂದೆ ಕೆಂಗೇರಿಯ ಕಡೆಯಿಂದ ಬಂದ ಒಬ್ಬ ಬಸ್ ಚಾಲಕರು ನನ್ನ ಎದುರಿನ ಕುರ್ಚಿಯಲ್ಲಿ ಕೂರುವ ಮೊದಲೇ, “ಡಾಕ್ಟ್ರೇ, ನಂಗೆ ಮೂರನೇ ಸ್ಟೇಜ್ ಅಂತೆ, ಇನ್ನು ನಾಲ್ಕೇ ಉಳಿದಿರೋದು” ಎಂದರು. ಅವರ ಪತ್ನಿ ಬಾಗಿಲ ಬಳಿಯೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈಯಲ್ಲಿದ್ದ ಚೀಟಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಇದ್ದದ್ದು ಮೂಲವ್ಯಾಧಿ, ಗ್ರೇಡ್ ಮೂರು ಎಂಬ ಒಂದೇ ಸಾಲು. ಅವರ ನೆರೆಮನೆಯವರೊಬ್ಬರು ಕ್ಯಾನ್ಸರಿನ ಮೂರನೇ ಹಂತದಲ್ಲಿ ತೀರಿಕೊಂಡಿದ್ದರಂತೆ. ಆ ಹಂತವೂ ಈ ಗ್ರೇಡೂ ಒಂದೇ ಎಂದು ದಂಪತಿ ಭಾವಿಸಿದ್ದರು. ನಮ್ಮ ಕನ್ನಡದ ಬರಹಗಳಲ್ಲಿಯೂ ಎರಡಕ್ಕೂ ‘ಹಂತ’ ಎಂಬ ಒಂದೇ ಮಾತು ಬಳಕೆಯಾಗುವುದರಿಂದ ಅವರ ತಪ್ಪೆಂದು ನಾನು ಹೇಳಲಾರೆ. ಆದ್ದರಿಂದ ಇಂದು ನಾನು ‘ದರ್ಜೆ’ ಎಂಬ ಪದವನ್ನೇ ಬಳಸುತ್ತೇನೆ. ಮೂಲವ್ಯಾಧಿ ಕ್ಯಾನ್ಸರಿಗೆ ತಿರುಗುವುದಿಲ್ಲ, ನಾಲ್ಕನೆಯ ದರ್ಜೆಯದೂ ತಿರುಗುವುದಿಲ್ಲ. ಈ ದರ್ಜೆಗಳು ರೋಗಿಯ ಆಯುಷ್ಯವನ್ನಾಗಲೀ ರಕ್ತ ಎಷ್ಟು ಹೋಗುತ್ತಿದೆ ಎಂಬುದನ್ನಾಗಲೀ ಅಳೆಯುವುದಿಲ್ಲ. ಅವು ಅಳೆಯುವುದು ಒಂದೇ ಸಂಗತಿಯನ್ನು: ಒಳಗಿರಬೇಕಾದ ಮೆತ್ತೆ ಎಷ್ಟು ಕೆಳಗೆ ಜಾರಿದೆ, ಜಾರಿದ್ದು ಹೇಗೆ ಹಿಂದಿರುಗುತ್ತದೆ. ಆ ಚಾಲಕರ ಕಥೆಗೆ ಆಮೇಲೆ ಮರಳುತ್ತೇನೆ, ಏಕೆಂದರೆ ಅವರದು ಮೂರನೆಯ ದರ್ಜೆಯೂ ಆಗಿರಲಿಲ್ಲ.

ಮೊದಲು ಮೆತ್ತೆ ಎಂದರೇನು ಎಂಬುದನ್ನು ಹೇಳಬೇಕು. ದೊಡ್ಡ ಕರುಳಿನ ಕೊನೆಯ ಭಾಗವಾದ ಮಲಾಶಯವು ಕೆಳಗೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಒಂದು ಕಿರಿದಾದ ನಾಳವಾಗಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಅದನ್ನು ಗುದನಾಳ ಎನ್ನೋಣ. ಈ ನಾಳದ ಸುತ್ತ ಬಿಗಿಯಾದ ಸ್ನಾಯುವಿನ ಉಂಗುರಗಳಿವೆ. ಆದರೆ ಉಂಗುರದಂತಹ ಸ್ನಾಯು ಎಷ್ಟೇ ಬಿಗಿದುಕೊಂಡರೂ ನಡುವೆ ಒಂದು ಸಣ್ಣ ಸಂದು ಉಳಿದೇ ಉಳಿಯುತ್ತದೆ. ನಲ್ಲಿಯೊಳಗಿನ ವಾಷರ್ ಹೇಗೆ ಲೋಹದ ಸಂದನ್ನು ಮುಚ್ಚುತ್ತದೆಯೋ ಹಾಗೆ ಈ ಸಂದನ್ನು ಮುಚ್ಚಲು ನಾಳದ ಒಳಗೋಡೆಯಲ್ಲಿ ರಕ್ತ ತುಂಬಿದ ಮೂರು ಮೃದುವಾದ ಮೆತ್ತೆಗಳಿವೆ. ಎಡಕ್ಕೆ ಒಂದು, ಬಲಮುಂದಕ್ಕೆ ಒಂದು, ಬಲಹಿಂದಕ್ಕೆ ಒಂದು. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಮೇಲೆತ್ತಿ ನೋಡಿದಾಗ ಗಡಿಯಾರದ ಮೂರು, ಏಳು ಮತ್ತು ಹನ್ನೊಂದು ಗಂಟೆಯ ಜಾಗದಲ್ಲಿ ಇವು ಕಾಣುತ್ತವೆ. ನಿಮ್ಮ ಚೀಟಿಗಳಲ್ಲಿ ಎಂದಾದರೂ ಈ ಮೂರು ಅಂಕಿಗಳನ್ನು ಕಂಡಿದ್ದರೆ ಅದರ ಅರ್ಥ ಇಷ್ಟೇ, ಅವು ಔಷಧಿ ತೆಗೆದುಕೊಳ್ಳುವ ಹೊತ್ತಲ್ಲ. ಒಬ್ಬ ಹಿರಿಯರು ನಿಜವಾಗಿಯೂ ಹಾಗೆಂದುಕೊಂಡು ಮೂರು ಗಂಟೆಗೂ ಏಳು ಗಂಟೆಗೂ ಮುಲಾಮು ಹಚ್ಚಿಕೊಂಡಿದ್ದರು. ರಾತ್ರಿ ಹನ್ನೊಂದಕ್ಕೆ ನಿದ್ದೆ ಬರುತ್ತಿತ್ತು ಎಂದು ಕ್ಷಮೆಯನ್ನೂ ಕೇಳಿದರು.

ಅಂದರೆ ಈ ಮೂರು ಮೆತ್ತೆಗಳು ಹುಟ್ಟಿನಿಂದಲೇ ನಮ್ಮೆಲ್ಲರಲ್ಲಿಯೂ ಇವೆ. ವಿಶ್ರಾಂತಿಯಲ್ಲಿರುವಾಗ ಗುದನಾಳದಲ್ಲಿರುವ ಒತ್ತಡದ ಶೇಕಡ 15ರಿಂದ 20ರಷ್ಟು ಪಾಲು ಇವುಗಳದೇ. ಬಹುಕಾಲ ವೈದ್ಯರೂ ಮೂಲವ್ಯಾಧಿಯನ್ನು ಕಾಲಿನಲ್ಲಿ ಉಬ್ಬುವ ನರಗಳಂತೆ ಕೇವಲ ಉಬ್ಬಿದ ರಕ್ತನಾಳ ಎಂದೇ ತಿಳಿದಿದ್ದರು. 1975ರಲ್ಲಿ ಬ್ರಿಟನ್ನಿನ ಥಾಮ್ಸನ್ ಎಂಬ ಶಸ್ತ್ರಚಿಕಿತ್ಸಕರು ಈ ಮೆತ್ತೆಗಳು ಸಹಜ ಅಂಗಗಳು, ಅವು ತಮ್ಮ ಜಾಗದಿಂದ ಕೆಳಗೆ ಜಾರುವುದೇ ರೋಗ ಎಂಬ ತಿಳಿವಳಿಕೆಗೆ ಗಟ್ಟಿಯಾದ ಆಧಾರ ಒದಗಿಸಿದರು. ಮೆತ್ತೆಯನ್ನು ಅದರ ಹಿಂದಿನ ಸ್ನಾಯುವಿಗೆ ಕಟ್ಟಿಹಾಕುವ ಸಣ್ಣ ಸಣ್ಣ ನಾರುಗಳಿವೆ. ವಯಸ್ಸು ಮತ್ತು ವರ್ಷಗಟ್ಟಲೆ ಗಟ್ಟಿಯಾದ ಮಲಕ್ಕಾಗಿ ತಿಣುಕುವುದು ಆ ನಾರುಗಳನ್ನು ಹಿಗ್ಗಿಸಿ ಹರಿಯುವಂತೆ ಮಾಡುತ್ತವೆ. ಬಸುರಿನಲ್ಲಿಯೂ ಹೆರಿಗೆಯಲ್ಲಿಯೂ ಬೀಳುವ ಒತ್ತಡ ಇದಕ್ಕೆ ಸೇರಿಕೊಳ್ಳುತ್ತದೆ. ಹಳೆಯ ಹಾಸಿಗೆಯೊಳಗಿನ ಹತ್ತಿ ಹೊಲಿಗೆ ಬಿಟ್ಟು ಒಂದು ಕಡೆಗೆ ಸರಿಯುತ್ತದಲ್ಲವೇ, ಇದೂ ಹಾಗೆಯೇ. ಹೊಲಿಗೆ ಎಷ್ಟು ಬಿಟ್ಟಿದೆ ಎಂಬ ಪ್ರಶ್ನೆಯೇ ನಾಲ್ಕು ದರ್ಜೆಗಳ ಹಿಂದಿನ ಪ್ರಶ್ನೆ.

ದರ್ಜೆಗೆ ಹೋಗುವ ಮುನ್ನ ಒಂದು ಗೆರೆಯನ್ನು ನೀವು ಮನಸ್ಸಿನಲ್ಲಿ ಎಳೆದುಕೊಳ್ಳಬೇಕು. ಗುದದ್ವಾರದ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ, ಹಲ್ಲಿನ ಸಾಲಿನಂತೆ ಏರಿಳಿಯುವ ಒಂದು ಗೆರೆ ನಾಳದ ಸುತ್ತಲೂ ಹಾಯುತ್ತದೆ. ವೈದ್ಯರು ಅದನ್ನು ಡೆಂಟೇಟ್ ಗೆರೆ ಎನ್ನುತ್ತಾರೆ. ಭ್ರೂಣದಲ್ಲಿ ಮೇಲಿನಿಂದ ಬೆಳೆದ ಕರುಳು ಕೆಳಗಿನಿಂದ ಒಳಕ್ಕೆ ಬೆಳೆದ ಚರ್ಮವನ್ನು ಸಂಧಿಸಿದ ಜಾಗ ಅದು. ಗೆರೆಯ ಮೇಲ್ಭಾಗವು ಕರುಳಿನ ಲೋಳೆಪೊರೆ. ಅಲ್ಲಿ ಚುಚ್ಚಿದರೂ ಕತ್ತರಿಸಿದರೂ ಚರ್ಮಕ್ಕೆ ಆಗುವಂತಹ ನೋವು ತಿಳಿಯುವುದಿಲ್ಲ, ಹೆಚ್ಚೆಂದರೆ ಒಂದು ಬಗೆಯ ಭಾರ ತಿಳಿಯುತ್ತದೆ. ಗೆರೆಯ ಕೆಳಭಾಗವು ಚರ್ಮದ ಬಗೆಯದು. ಬೆರಳ ತುದಿಯಷ್ಟೇ ಸೂಕ್ಷ್ಮವಾದ ನರಗಳು ಅಲ್ಲಿವೆ, ಸಣ್ಣದೊಂದು ಗೀರು ಬಿದ್ದರೂ ಮನುಷ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. ಗೆರೆಯ ಮೇಲಿನ ಮೆತ್ತೆ ಹಿಗ್ಗಿದರೆ ಅದು ಒಳಮೊಳೆ, ಗೆರೆಯ ಕೆಳಗೆ ಚರ್ಮದಡಿಯ ರಕ್ತನಾಳಗಳು ಉಬ್ಬಿದರೆ ಅದು ಹೊರಮೊಳೆ. ಇಲ್ಲಿ ಬಹಳ ಜನ ಎಡವುತ್ತಾರೆ. ಹೊರಗೆ ಕಾಣುವುದೆಲ್ಲ ಹೊರಮೊಳೆಯಲ್ಲ. ಒಳಮೊಳೆಯೂ ಜಾರಿ ಹೊರಗೆ ಬಂದು ಕೂರಬಹುದು. ಅದು ಎಲ್ಲಿ ಹುಟ್ಟಿತು, ಅದರ ಮೇಲಿನ ಹೊದಿಕೆ ಯಾವುದು ಎಂಬುದರಿಂದ ಹೆಸರು ನಿರ್ಧಾರವಾಗುತ್ತದೆ. ಹೊರಬಂದ ಒಳಮೊಳೆಯ ಮೇಲ್ಮೈ ತುಟಿಯ ಒಳಭಾಗದಂತೆ ಕೆಂಪಾಗಿ ಒದ್ದೆಯಾಗಿರುತ್ತದೆ. ಹೊರಮೊಳೆಯ ಮೇಲ್ಮೈ ಸುತ್ತಲಿನ ಚರ್ಮದ ಬಣ್ಣದಲ್ಲಿ ಒಣಗಿರುತ್ತದೆ.

ಈ ಒಂದು ಗೆರೆಯನ್ನು ತಿಳಿದರೆ ಲಕ್ಷಣಗಳು ತಾವಾಗಿ ಬೇರ್ಪಡುತ್ತವೆ. ಒಳಮೊಳೆಯ ಗುರುತು ನೋವಿಲ್ಲದ ರಕ್ತಸ್ರಾವ. ಮಲವಿಸರ್ಜನೆಯ ಕೊನೆಯಲ್ಲಿ ಅಥವಾ ಅದಾದ ಕೂಡಲೇ ಕುಂಕುಮದ ನೀರಿನಂತೆ ಹೊಳೆಯುವ ಕೆಂಪು ರಕ್ತ ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಚಿಮ್ಮುತ್ತದೆ. ಮೆತ್ತೆಯೊಳಗೆ ಅಪಧಮನಿಗಳು ನೇರವಾಗಿ ಅಭಿಧಮನಿಗಳಿಗೆ ಕೂಡಿಕೊಂಡಿರುವುದರಿಂದ ಆ ರಕ್ತ ಕಪ್ಪಾಗಿರದೆ ಅಷ್ಟು ಕೆಂಪಾಗಿರುತ್ತದೆ. ಕಮೋಡಿನ ನೀರಿನಲ್ಲಿ ಒಂದು ಚಮಚ ರಕ್ತ ಬೆರೆತರೂ ಇಡೀ ನೀರು ಕೆಂಪಾಗಿ ಕಾಣುತ್ತದೆ, ಆದ್ದರಿಂದ “ಒಂದು ಲೀಟರ್ ಹೋಯಿತು” ಎಂದು ಓಡಿ ಬರುವವರಿದ್ದಾರೆ. ಇನ್ನೊಂದು ಕಡೆ, ಇಂಡಿಯನ್ ಶೌಚದಲ್ಲಿ ಹಿಂದೆ ಬಿದ್ದದ್ದನ್ನು ನೋಡದೆಯೇ ನೀರು ಸುರಿದು ಬರುವವರು ತಿಂಗಳುಗಟ್ಟಲೆ ರಕ್ತ ಕಳೆದುಕೊಂಡು, ಮೆಟ್ಟಿಲು ಹತ್ತುವಾಗ ಏದುಸಿರು ಬಂದ ಮೇಲೆ ಹೃದಯದ ವೈದ್ಯರ ಬಳಿಗೆ ಹೋಗುತ್ತಾರೆ. ಇವೆರಡರಲ್ಲಿ ನನಗೆ ಭಯ ಹುಟ್ಟಿಸುವುದು ಎರಡನೆಯವರೇ.

ಹೊರಮೊಳೆಯ ಗುರುತು ಇದಕ್ಕೆ ತದ್ವಿರುದ್ಧ. ಸುಮ್ಮನಿದ್ದಾಗ ಅದು ಏನನ್ನೂ ಮಾಡುವುದಿಲ್ಲ. ಆದರೆ ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಒಂದೇ ದಿನದಲ್ಲಿ, ಅನೇಕ ವೇಳೆ ಕೆಲವೇ ಗಂಟೆಗಳಲ್ಲಿ, ಗುದದ್ವಾರದ ಅಂಚಿನಲ್ಲಿ ನೇರಳೆ ಹಣ್ಣಿನ ಬಣ್ಣದ ಗಟ್ಟಿಯಾದ ಗಂಟು ಏಳುತ್ತದೆ ಮತ್ತು ಕೂರಲಾಗದಷ್ಟು ನೋವು ಬರುತ್ತದೆ. ನೋವು ಮೊದಲ ಎರಡು ಮೂರು ದಿನ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತ, ಒಂದು ವಾರ ಹತ್ತು ದಿನಗಳಲ್ಲಿ ಬಹುತೇಕ ಹೋಗುತ್ತದೆ. ಗಂಟು ಕರಗಲು ಇನ್ನೂ ಕೆಲವು ವಾರ ಬೇಕು. ಈ ಲೆಕ್ಕ ತಿಳಿದಿದ್ದರೆ ಚಿಕಿತ್ಸೆಯ ಲೆಕ್ಕವೂ ತಿಳಿಯುತ್ತದೆ. ಸುಮಾರು ಮೊದಲ 72 ಗಂಟೆಗಳೊಳಗೆ, ನೋವು ತೀವ್ರವಾಗಿರುವಾಗ ಬಂದರೆ, ಆ ಜಾಗಕ್ಕೆ ಮಾತ್ರ ಮರವಿನ ಚುಚ್ಚುಮದ್ದು ಕೊಟ್ಟು ಹೆಪ್ಪನ್ನು ಅದರ ಮೇಲಿನ ಚರ್ಮದ ತುಣುಕಿನೊಂದಿಗೆ ತೆಗೆದುಬಿಟ್ಟರೆ ರೋಗಿ ಅಂದೇ ಹಗುರಾಗುತ್ತಾರೆ. ಬರೀ ಸೀಳಿ ಹಿಂಡಿದರೆ ಅದೇ ಜಾಗದಲ್ಲಿ ಮತ್ತೆ ಹೆಪ್ಪು ಕೂರುವ ಸಾಧ್ಯತೆಯಿದೆ. ನಾಲ್ಕೈದು ದಿನ ಕಳೆದು, ನೋವು ಇಳಿಮುಖವಾದ ಮೇಲೆ ಬಂದವರಿಗೆ ಕತ್ತರಿ ಹಾಕುವುದೆಂದರೆ ಹೋಗುತ್ತಿರುವ ನೋವಿನ ಜಾಗದಲ್ಲಿ ಹೊಸ ಗಾಯದ ನೋವನ್ನು ತಂದಿಟ್ಟಂತೆ. ಅವರಿಗೆ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ನೋವಿನ ಮಾತ್ರೆ ಮತ್ತು ಮಲವನ್ನು ಮೆತ್ತಗಿಡುವ ಔಷಧಿ ಸಾಕು. ಗಂಟು ಕರಗಿದ ಮೇಲೆ ಅಲ್ಲಿ ಖಾಲಿ ಚೀಲದಂತೆ ಒಂದು ಚರ್ಮದ ಮಡಿಕೆ ಉಳಿಯಬಹುದು. ಅದು ನಿರುಪದ್ರವಿ. ಆ ಮಡಿಕೆಯನ್ನು ನೆನಪಿಡಿ, ನಮ್ಮ ಚಾಲಕರ ಕಥೆಯಲ್ಲಿ ಅದು ಬರಲಿದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಮ್ಮ ಊರಿನಲ್ಲಿ ಸೊಂಟದ ಕೆಳಗಿನ ಎಲ್ಲ ತೊಂದರೆಗೂ ‘ಪೈಲ್ಸ್’ ಎಂಬ ಒಂದೇ ಹೆಸರು. ಮೆಜೆಸ್ಟಿಕ್ಕಿನ ಸುತ್ತಲಿನ ಕಂಬಗಳ ಮೇಲೆ ಅಂಟಿಸಿದ ಚೀಟಿಗಳೂ ಮೂರು ನಾಲ್ಕು ರೋಗಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಆದರೆ ಮಲ ಹೋಗುವಾಗ ಗಾಜಿನ ಚೂರು ಕೊಯ್ದಂತೆ ನೋವಾಗಿ, ಆಮೇಲೂ ಒಂದೆರಡು ಗಂಟೆ ಉರಿಯುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಬಹುತೇಕ ಗೆರೆಯ ಕೆಳಗಿನ ಚರ್ಮದಲ್ಲಿ ಬಿದ್ದ ಬಿರುಕು, ಅಂದರೆ ಫಿಶರ್. ಒಳಮೊಳೆ ಹೀಗೆ ನೋಯುವುದಿಲ್ಲ, ನೋಯಲು ಅಲ್ಲಿ ಅಂತಹ ನರವೇ ಇಲ್ಲ.

ಈಗ ದರ್ಜೆಗಳು. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಗೋಲಿಗರ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ವರ್ಗೀಕರಣ ಒಳಮೊಳೆಗೆ ಮಾತ್ರ ಅನ್ವಯಿಸುತ್ತದೆ. ಹೊರಮೊಳೆಗೆ ದರ್ಜೆಯಿಲ್ಲ.

ಮೊದಲನೆಯ ದರ್ಜೆಯಲ್ಲಿ ಮೆತ್ತೆ ಹಿಗ್ಗಿದೆ, ಆದರೆ ಹೊರಗೆ ಬರುವುದೇ ಇಲ್ಲ. ರಕ್ತ ಹೋಗಬಹುದು, ಅಷ್ಟೇ. ಹೊರಗಿನಿಂದ ನೋಡಿದರೆ ಏನೂ ಕಾಣದು. ವೈದ್ಯರು ಬೆರಳಿಟ್ಟು ಪರೀಕ್ಷಿಸಿದರೂ ತಿಳಿಯದು, ಏಕೆಂದರೆ ಒತ್ತಿದರೆ ಅದರೊಳಗಿನ ರಕ್ತ ಸರಿದು ಮೆತ್ತೆ ಚಪ್ಪಟೆಯಾಗುತ್ತದೆ. ಪ್ರೊಕ್ಟೊಸ್ಕೋಪ್ ಎಂಬ ಬೆರಳುದ್ದದ ಕೊಳವೆಯನ್ನು ಒಳಗಿಟ್ಟು ನಿಧಾನವಾಗಿ ಹಿಂದಕ್ಕೆ ಎಳೆಯುವಾಗ ಮಾತ್ರ ಅದು ಕೊಳವೆಯ ಬಾಯಿಗೆ ಉಬ್ಬಿ ಬರುತ್ತದೆ. ಆದ್ದರಿಂದ ಬೆರಳು ಪರೀಕ್ಷೆಯಲ್ಲಿ ಮೂಲವ್ಯಾಧಿ ಇಲ್ಲ ಎಂದು ಹೇಳಿದರೆ ಆ ಮಾತಿಗೆ ತೂಕವಿಲ್ಲ. ಬೆರಳು ಪರೀಕ್ಷೆ ಮಾಡುವುದು ಗಟ್ಟಿಯಾದ ಗಡ್ಡೆ ಇದೆಯೇ ಎಂದು ತಿಳಿಯಲು.

ಎರಡನೆಯ ದರ್ಜೆಯಲ್ಲಿ ಮೆತ್ತೆ ತಿಣುಕುವಾಗ ಹೊರಗೆ ಬರುತ್ತದೆ, ತಿಣುಕುವುದು ನಿಂತ ಮೇಲೆ ತಾನಾಗಿಯೇ ಒಳಗೆ ಹೋಗುತ್ತದೆ. ಮೂರನೆಯ ದರ್ಜೆಯಲ್ಲಿ ಅದು ತಾನಾಗಿ ಹೋಗುವುದಿಲ್ಲ, ಬೆರಳಿನಿಂದ ಒಳಗೆ ತಳ್ಳಬೇಕು. ತಳ್ಳಿದರೆ ಅಲ್ಲಿ ನಿಲ್ಲುತ್ತದೆ. ಎರಡಕ್ಕೂ ಮೂರಕ್ಕೂ ಇರುವ ಅಂತರ ಇಷ್ಟೇ. ಆದರೆ ಈ ಅಂತರವನ್ನು ತಿಳಿಯುವುದು ನಮ್ಮ ದೇಶದಲ್ಲಿ ಸ್ವಲ್ಪ ಕಷ್ಟ, ಅದಕ್ಕೆ ಕಾರಣ ನಾವು ನೀರಿನಿಂದ ತೊಳೆದುಕೊಳ್ಳುವ ರೂಢಿ. ಪಾಶ್ಚಾತ್ಯ ಪಠ್ಯಗಳಲ್ಲಿ ಇದರ ಪ್ರಸ್ತಾಪವನ್ನು ನಾನು ಕಂಡಿಲ್ಲ. ತೊಳೆಯುವಾಗ ಕೈ ತಗುಲಿ ಮೆತ್ತೆ ಒಳಗೆ ಸರಿದುಬಿಡುತ್ತದೆ. “ತಾನಾಗೇ ಹೋಗುತ್ತೆ ಡಾಕ್ಟ್ರೇ” ಎನ್ನುವವರು ತಮಗೆ ಅರಿವಿಲ್ಲದೆಯೇ ತಳ್ಳುತ್ತಿರಬಹುದು. “ನಾನೇ ತಳ್ಳಬೇಕು” ಎನ್ನುವವರು, ಅರ್ಧ ನಿಮಿಷ ಕಾದಿದ್ದರೆ ತಾನೇ ಹೋಗುತ್ತಿದ್ದುದನ್ನು ಅವಸರದಿಂದ ತಳ್ಳುತ್ತಿರಬಹುದು. ಆದ್ದರಿಂದ ನಾನು ನನ್ನ ರೋಗಿಗಳಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಶೌಚ ಮುಗಿದ ಮೇಲೆ ಕೈ ಮುಟ್ಟಿಸದೆ ಬರೀ ನೀರನ್ನು ಸುರಿದುಕೊಂಡು, ಎದ್ದು ನಿಂತು, ಒಂದೆರಡು ನಿಮಿಷ ಕಾಯಿರಿ. ಆಮೇಲೆ ಏನಾದರೂ ಹೊರಗೆ ಉಳಿದಿದೆಯೇ ಎಂದು ನೋಡಿಕೊಳ್ಳಿ. ಮೂರು ನಾಲ್ಕು ದಿನ ಹೀಗೆ ಗಮನಿಸಿದರೆ, ನಾನು ಪರೀಕ್ಷೆಯ ಮೇಜಿನ ಮೇಲೆ ಕಾಣುವುದಕ್ಕಿಂತ ನಂಬಲರ್ಹವಾದ ಉತ್ತರ ಸಿಗುತ್ತದೆ. ಮೇಜಿನ ಮೇಲೆ ಮಗ್ಗುಲಾಗಿ ಮಲಗಿರುವಾಗ, ಅಪರಿಚಿತರ ಎದುರು, ಯಾರೂ ಮನಸ್ಸಿಟ್ಟು ತಿಣುಕುವುದಿಲ್ಲ. ಮೂರನೆಯ ದರ್ಜೆಯದೂ ಅಲ್ಲಿ ಮೊದಲನೆಯದರಂತೆ ಕಾಣುತ್ತದೆ. ಸಂಶಯವಿದ್ದಾಗ ರೋಗಿಯನ್ನು ಶೌಚಾಲಯಕ್ಕೆ ಕಳಿಸಿ, ಕೂತು ತಿಣುಕಿದ ಕೂಡಲೇ ನೋಡಬೇಕಾಗುತ್ತದೆ. ಮುಜುಗರವಿಲ್ಲದಿದ್ದರೆ ಹೊರಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬರುವುದೂ ಒಳ್ಳೆಯದೇ.

ನಾಲ್ಕನೆಯ ದರ್ಜೆಯಲ್ಲಿ ಮೆತ್ತೆ ಸದಾ ಹೊರಗಿರುತ್ತದೆ, ತಳ್ಳಿದರೂ ಒಳಗೆ ನಿಲ್ಲುವುದಿಲ್ಲ. ಒದ್ದೆಯಾದ ಲೋಳೆಪೊರೆ ಬಟ್ಟೆಗೆ ಉಜ್ಜುವುದರಿಂದ ಲೋಳೆ, ತುರಿಕೆ, ಒಳಉಡುಪಿನ ಮೇಲೆ ಕಲೆ ಇವು ನಿತ್ಯದ ಗೋಳಾಗುತ್ತವೆ. ಹಲವು ವರ್ಷಗಳಲ್ಲಿ ನಿಧಾನವಾಗಿ ಈ ಸ್ಥಿತಿಗೆ ಬಂದವರು ಅವಸರಪಡಬೇಕಾಗಿಲ್ಲ. ಆದರೆ ಅದೇ ಹೆಸರಿನ ಇನ್ನೊಂದು ಸನ್ನಿವೇಶವಿದೆ. ನಿನ್ನೆಯವರೆಗೆ ಒಳಗೆ ಹೋಗುತ್ತಿದ್ದ ಮೆತ್ತೆ ಇಂದು ಹೊರಬಂದು, ಸ್ನಾಯುವಿನ ಉಂಗುರ ಅದರ ಕುತ್ತಿಗೆಯನ್ನು ಹಿಡಿದು, ರಕ್ತ ಒಳಗೆ ಬಂದು ಹೊರಗೆ ಹೋಗಲಾರದೆ ಊದಿಕೊಂಡು, ಕಪ್ಪು ಕೆಂಪು ಬಣ್ಣಕ್ಕೆ ತಿರುಗಿ, ವಿಪರೀತ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಳಮೊಳೆ ನೋಯುವುದಿಲ್ಲ ಎಂದು ಆಗಲೇ ಹೇಳಿದೆ, ಆ ಮಾತಿಗಿರುವ ದೊಡ್ಡ ಅಪವಾದ ಇದು.

ನಾಲ್ಕನೆಯ ದರ್ಜೆ ಎಂದು ತಪ್ಪಾಗಿ ತಿಳಿಯುವ ಎರಡು ಸಂಗತಿಗಳಿವೆ. ಒಂದು, ನಾನು ಆಗ ಹೇಳಿದ ಚರ್ಮದ ಮಡಿಕೆ. ಅದೂ ಸದಾ ಹೊರಗಿರುತ್ತದೆ, ಅದನ್ನೂ ತಳ್ಳಲಾಗದು, ಆದರೆ ಅದು ಒಣಗಿದ ಚರ್ಮ. ಇನ್ನೊಂದು, ಮಲಾಶಯದ ಇಡೀ ಗೋಡೆಯೇ ಹೊರಗೆ ಜಾರುವುದು. ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ ಕಾಣುವ ಈ ತೊಂದರೆಯನ್ನು ಎಷ್ಟೋ ಮನೆಗಳಲ್ಲಿ “ಅಜ್ಜಿಗೆ ಮೂಲವ್ಯಾಧಿ” ಎಂದೇ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಮಡಿಕೆಗಳ ದಿಕ್ಕನ್ನು ನೋಡಿ ಇದನ್ನು ಗುರುತಿಸಬಹುದು. ಮೂಲವ್ಯಾಧಿಯಾದರೆ ಹೂವಿನ ಎಸಳುಗಳ ನಡುವಿನ ಗೆರೆಗಳಂತೆ ಮಡಿಕೆಗಳು ನಡುವಿನಿಂದ ಹೊರಕ್ಕೆ ಹರಡಿರುತ್ತವೆ. ಮಲಾಶಯವೇ ಜಾರಿದ್ದರೆ ಜೋಡಿಸಿಟ್ಟ ಬಳೆಗಳಂತೆ ಉಂಗುರ ಉಂಗುರವಾಗಿ ಸುತ್ತಿರುತ್ತವೆ. ಎರಡರ ಚಿಕಿತ್ಸೆಯೂ ಬೇರೆ ಬೇರೆ.

ಈಗ ಚಾಲಕರ ವಿಷಯ. ಅವರಿಗೆ 48 ವರ್ಷ. ಕೆಂಗೇರಿಯಿಂದ ವೈಟ್‌ಫೀಲ್ಡಿನತ್ತ ಹೋಗಿಬರುವ ಪಾಳಿ, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ಎಂಟು ತಿಂಗಳಿನಿಂದ ವಾರಕ್ಕೆ ಮೂರು ನಾಲ್ಕು ದಿನ ರಕ್ತ ತೊಟ್ಟಿಕ್ಕುತ್ತಿತ್ತು, ನೋವಿರಲಿಲ್ಲ. ಹೊರಗೆ ಏನೋ ಒಂದು ಸದಾ ಕೈಗೆ ಸಿಗುತ್ತಿತ್ತು. ತಳ್ಳಿದರೆ ಸ್ವಲ್ಪ ಒಳಗೆ ಹೋದಂತಾಗಿ ಮತ್ತೆ ಬರುತ್ತಿತ್ತು. ಈ ಮಾತನ್ನು ಕೇಳಿಯೇ, ಪರೀಕ್ಷೆ ಮಾಡದೆ, ಯಾರೋ ಮೂರನೆಯ ದರ್ಜೆ ಎಂದು ಬರೆದು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ನಾನು ನೋಡಿದಾಗ ಆ ‘ಏನೋ ಒಂದು’ ಗುದದ್ವಾರದ ಅಂಚಿನಲ್ಲಿದ್ದ ಚರ್ಮದ ಮಡಿಕೆ. ಎರಡು ವರ್ಷದ ಹಿಂದೆ ಒಂದು ವಾರ ಕೂರಲಾಗದಷ್ಟು ನೋವಾಗಿತ್ತೇ ಎಂದು ಕೇಳಿದೆ. “ಹೌದು ಸಾರ್, ದಿಂಬು ಹಾಕ್ಕೊಂಡು ಬಸ್ ಓಡಿಸ್ದೆ” ಎಂದರು. ಅಂದಿನ ಹೆಪ್ಪುಗಟ್ಟಿದ ಹೊರಮೊಳೆ ಕರಗಿ ಉಳಿದ ಗುರುತು ಅದು. ಕೊಳವೆಯಿಟ್ಟು ನೋಡಿದಾಗ ಏಳು ಮತ್ತು ಹನ್ನೊಂದು ಗಂಟೆಯ ಜಾಗದ ಒಳಮೊಳೆಗಳು ದೊಡ್ಡದಾಗಿದ್ದವು. ಕೂತು ತಿಣುಕಿಸಿದಾಗ ಅವೆರಡೂ ಹೊರಬಂದು, ನಿಂತ ಕೂಡಲೇ ಒಳಗೆ ಹೋದವು. ಮೂರು ಗಂಟೆಯ ಜಾಗದ್ದು ಅಲುಗಲೇ ಇಲ್ಲ. ಅಂದರೆ ಒಬ್ಬರಲ್ಲಿಯೇ ಎರಡು ಮೆತ್ತೆ ಎರಡನೆಯ ದರ್ಜೆ, ಒಂದು ಮೆತ್ತೆ ಮೊದಲನೆಯದು, ಜೊತೆಗೆ ದರ್ಜೆಯೇ ಇಲ್ಲದ ಒಂದು ಮಡಿಕೆ. ಚೀಟಿಯ ಮೇಲೆ ಒಂದೇ ಅಂಕಿ ಬರೆಯುವ ಪದ್ಧತಿಯಲ್ಲಿ ಇವೆಲ್ಲ ಮಾಯವಾಗುತ್ತವೆ.

ಆದರೆ ನನ್ನನ್ನು ಚಿಂತೆಗೆ ಹಚ್ಚಿದ್ದು ದರ್ಜೆಯಲ್ಲ. ಅವರ ರೆಪ್ಪೆಯ ಒಳಭಾಗ ಬಿಳಿಚಿತ್ತು. ಹಿಮೋಗ್ಲೋಬಿನ್ 13 ಇರಬೇಕಾದವರಲ್ಲಿ 8.4 ಇತ್ತು. ಕಡಿಮೆ ದರ್ಜೆ ಎಂದರೆ ಕಡಿಮೆ ರಕ್ತಸ್ರಾವ ಎಂದು ನಂಬುವವರು ಇದನ್ನು ಗಮನಿಸಬೇಕು. ಹೊರಗೇ ಬಾರದ ಮೊದಲನೆಯ ದರ್ಜೆಯ ಮೆತ್ತೆಯಿಂದಲೂ ಮೈಯ ರಕ್ತ ಬತ್ತಿಹೋಗಬಹುದು, ಸದಾ ಹೊರಗಿರುವ ನಾಲ್ಕನೆಯದು ಒಂದು ಹನಿಯನ್ನೂ ಸುರಿಸದೆ ಇರಬಹುದು. ಇನ್ನೊಂದು ಸಂಗತಿ, ಮೂಲವ್ಯಾಧಿ ಕಂಡಿತೆಂಬ ಮಾತ್ರಕ್ಕೆ ರಕ್ತ ಅಲ್ಲಿಂದಲೇ ಹೋಗುತ್ತಿದೆ ಎಂದು ತೀರ್ಮಾನಿಸಲಾಗದು. ಮೂಲವ್ಯಾಧಿ ಕ್ಯಾನ್ಸರಾಗುವುದಿಲ್ಲ ಎಂದು ಮೊದಲಿಗೆ ಹೇಳಿದೆ, ಆದರೆ ಮೂಲವ್ಯಾಧಿ ಇರುವವರಿಗೆ ಅದರ ಮೇಲ್ಗಡೆ, ದೊಡ್ಡ ಕರುಳಿನಲ್ಲಿ, ಬೇರೆಯೇ ಒಂದು ಗಡ್ಡೆ ಇರಬಾರದೆಂದೇನಿಲ್ಲ. ನಲವತ್ತೈದು ದಾಟಿದ್ದರೆ, ರಕ್ತಹೀನತೆ ಇದ್ದರೆ, ರಕ್ತ ಕಪ್ಪಾಗಿದ್ದರೆ ಅಥವಾ ಮಲದೊಳಗೇ ಬೆರೆತಿದ್ದರೆ, ಮಲವಿಸರ್ಜನೆಯ ಕ್ರಮ ಇತ್ತೀಚೆಗೆ ಬದಲಾಗಿದ್ದರೆ, ತೂಕ ಇಳಿದಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಕೊಲೊನೋಸ್ಕೋಪಿ ಮಾಡಿಸಿ ನೋಡಲೇಬೇಕು. ಇವುಗಳಲ್ಲಿ ಎರಡು ನಮ್ಮ ಚಾಲಕರಿಗೆ ಅನ್ವಯವಾಗುತ್ತಿದ್ದವು. ಕೊಲೊನೋಸ್ಕೋಪಿಯಲ್ಲಿ ಕರುಳು ಪೂರ್ತಿ ಶುಭ್ರವಾಗಿತ್ತು. ಆಗ ಮಾತ್ರ ರಕ್ತದ ಹೊಣೆಯನ್ನು ಆ ಮೆತ್ತೆಗಳ ಮೇಲೆ ಹಾಕಿದೆ.

ಮೊದಲನೆಯ ಮತ್ತು ಎರಡನೆಯ ದರ್ಜೆಯಲ್ಲಿ ಮಲವನ್ನು ಮೆತ್ತಗೆ ಮಾಡುವುದೇ ಮೊದಲ ಚಿಕಿತ್ಸೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ ನಾರು ಇರುತ್ತದೆ, ಅಷ್ಟೇ ರಾಗಿಯಲ್ಲಿ ಹನ್ನೊಂದು ಗ್ರಾಂ ಇರುತ್ತದೆ, ಆದ್ದರಿಂದ ಅವರ ಮಧ್ಯಾಹ್ನದ ಅನ್ನದ ಡಬ್ಬಿಯನ್ನು ಮುದ್ದೆ ಮತ್ತು ಬಸ್ಸಾರಿಗೆ ಬದಲಾಯಿಸುವಂತೆ ಅವರ ಪತ್ನಿಗೆ ಹೇಳಿದೆ. ರಾತ್ರಿ ಇಸಬ್ಗೋಲ್ ಎರಡು ಚಮಚ, ದೊಡ್ಡ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಇಸಬ್ಗೋಲ್ ಒಳಗೇ ಗಟ್ಟಿಯಾಗಿ ತೊಂದರೆಯನ್ನು ಹೆಚ್ಚಿಸುತ್ತದೆ. ಶೌಚಾಲಯಕ್ಕೆ ಮೊಬೈಲ್ ಒಯ್ಯಬಾರದು, ಐದು ನಿಮಿಷಕ್ಕಿಂತ ಹೆಚ್ಚು ಕೂರಬಾರದು.

ರಕ್ತಹೀನತೆ ಅಷ್ಟಿದ್ದುದರಿಂದ ಇಷ್ಟಕ್ಕೇ ಬಿಡದೆ, ಕಬ್ಬಿಣಾಂಶದ ಔಷಧಿಯ ಜೊತೆಗೆ, ರಬ್ಬರ್ ಬ್ಯಾಂಡ್ ಹಾಕಲು ನಿರ್ಧರಿಸಿದೆ. ಪ್ರೊಕ್ಟೊಸ್ಕೋಪಿನ ಮೂಲಕ ಮೆತ್ತೆಯ ಬುಡವನ್ನು ಒಂದು ಸಣ್ಣ ಕೊಳವೆಯೊಳಕ್ಕೆ ಹೀರಿ, ಅದರ ಕುತ್ತಿಗೆಗೆ ಬಿಗಿಯಾದ ರಬ್ಬರ್ ಉಂಗುರವನ್ನು ಜಾರಿಸುತ್ತೇವೆ. ಮರವು ಬೇಡ, ಏಕೆಂದರೆ ಉಂಗುರ ಬೀಳುವುದು ಗೆರೆಯ ಸಾಕಷ್ಟು ಮೇಲೆ, ನೋವಿಲ್ಲದ ಜಾಗದಲ್ಲಿ. ಹಾಕಿದ ಕೂಡಲೇ ರೋಗಿ ಕಿರುಚಿದರೆ ಉಂಗುರ ಗೆರೆಗೆ ತೀರ ಸಮೀಪ ಬಿದ್ದಿದೆ ಎಂದರ್ಥ, ಅದನ್ನು ಆಗಲೇ ತೆಗೆಯಬೇಕು. ಒಂದೆರಡು ದಿನ ಮಲ ಬಂದಂತೆ ಭಾರವೆನಿಸುವುದು ಸಹಜ. ರಕ್ತಸಂಚಾರ ನಿಂತ ಭಾಗ ಒಣಗಿ ಐದರಿಂದ ಹತ್ತು ದಿನಗಳಲ್ಲಿ ಉದುರುತ್ತದೆ, ಆಗ ಸ್ವಲ್ಪ ರಕ್ತ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕಾದದ್ದು ಇದೇ ಕಾರಣಕ್ಕೆ. ಆದರೆ ಬ್ಯಾಂಡ್ ಹಾಕಿದ ಮೇಲೆ ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವುದು ಇವು ಕಂಡರೆ, ಅಪರೂಪವಾದರೂ ಅಪಾಯಕರವಾದ ಸೋಂಕು ಇರಬಹುದು, ಬೆಳಗಾಗಲೆಂದು ಕಾಯಬಾರದು.

ಮೂರನೆಯ ದರ್ಜೆಯಲ್ಲಿಯೂ ಮೆತ್ತೆ ಚಿಕ್ಕದಿದ್ದರೆ ಬ್ಯಾಂಡ್ ಕೆಲಸ ಮಾಡುತ್ತದೆ. ದೊಡ್ಡ ಮೂರನೆಯ ದರ್ಜೆಗೂ ನಾಲ್ಕನೆಯದಕ್ಕೂ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದರಲ್ಲಿ ಹಲವು ವಿಧಾನಗಳಿವೆ, ಅವುಗಳ ತುಲನೆ ಇನ್ನೊಂದು ದಿನದ ಮಾತು. ಇಂದಿಗೆ ಇಷ್ಟು ತಿಳಿದಿರಲಿ: ನಾಲ್ಕನೆಯ ದರ್ಜೆಯಿದ್ದೂ ತೊಂದರೆಯೇ ಇಲ್ಲವೆನ್ನುವ ಎಂಬತ್ತು ವರ್ಷದವರಿಗೆ ಬರೀ ಅಂಕಿಯ ಕಾರಣಕ್ಕೆ ನಾನು ಚಾಕು ಹಿಡಿಯುವುದಿಲ್ಲ.

ಚಾಲಕರಿಗೆ ಒಂದು ಸಲ ಏಳು ಗಂಟೆಯ ಮೆತ್ತೆಗೆ, ಐದು ವಾರ ಬಿಟ್ಟು ಹನ್ನೊಂದು ಗಂಟೆಯದಕ್ಕೆ ಬ್ಯಾಂಡ್ ಹಾಕಿದೆ. ಎರಡನೆಯದು ಉದುರಿದ ಮೇಲೆ ರಕ್ತ ನಿಂತಿತು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12.9ಕ್ಕೆ ಏರಿತ್ತು. ಕೊನೆಯ ಸಲ ಬಂದಾಗ ಪತಿ ಪತ್ನಿ ಇಬ್ಬರೂ ಕುರ್ಚಿಯಲ್ಲಿ ಕೂತೇ ಮಾತನಾಡಿದರು. ಎದ್ದು ಹೊರಡುವಾಗ ಅವರ ಪತ್ನಿ ತುಸು ಸಂಕೋಚದಿಂದ, “ಸಾರ್, ಇವರಿಗೆ ಹೊರಗಡೆ ಅದೊಂದು ಇನ್ನೂ ಹಂಗೇ ಕೈಗೆ ಸಿಗ್ತದಂತೆ, ಅದು ಎಷ್ಟನೇದು?” ಎಂದು ಕೇಳಿದರು. ಅದು ಬರೀ ಚರ್ಮ, ಅದಕ್ಕೆ ಅಂಕಿ ಇಲ್ಲ, ತುರಿಕೆಯಾಗಲೀ ತೊಳೆಯಲು ಕಷ್ಟವಾಗಲೀ ಇಲ್ಲದಿದ್ದರೆ ಹಾಗೆಯೇ ಇರಲಿ ಎಂದೆ. ಆ ಮಡಿಕೆ ಈಗಲೂ ಅಲ್ಲಿಯೇ ಇದೆ.